ವಿಡಿಯೊ ಅಸಲಿ, ಕಥೆ ನಕಲಿ: ಸಿನಿಮಾ ತಂತ್ರಗಳು ನಮ್ಮ ಕಣ್ಣನ್ನು ನಂಬಿಸುವುದು ಹೇಗೆ?

2018ರಲ್ಲಿ ದೇಶದ ಅನೇಕ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದು ವಿಡಿಯೊ ಹರಿದಾಡಿತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ. ಹಿಂದೆ ಕುಳಿತವನು ಒಂದು ಮಗುವನ್ನು ಎತ್ತಿಕೊಳ್ಳುತ್ತಾನೆ, ಬೈಕ್ ಓಡಿಹೋಗುತ್ತದೆ. ಇದರ ಜೊತೆಗೆ, ನಮ್ಮ ಕಡೆಗೂ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಎಚ್ಚರಿಕೆಯ ಮೆಸೇಜ್.

ಆ ವಿಡಿಯೊದಲ್ಲಿ ಕಂಪ್ಯೂಟರ್ ಕೈಚಳಕ ಏನೂ ಇರಲಿಲ್ಲ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಕಾಣೆಯಾದ ಮಕ್ಕಳಿಗಾಗಿ ಕೆಲಸ ಮಾಡುವ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಗಾಗಿ ತಯಾರಾದ ಜಾಗೃತಿ ಜಾಹೀರಾತು. ಮೂಲ ವಿಡಿಯೊದಲ್ಲಿ ಬೈಕ್ ವಾಪಸ್ ಬರುತ್ತದೆ, ಮಗುವನ್ನು ಕೆಳಗಿಳಿಸುತ್ತಾರೆ, ಮಗುವನ್ನು ಕದಿಯಲು ಕ್ಷಣ ಸಾಕು ಎಂಬ ಅರ್ಥದ ಫಲಕವನ್ನು ಹಿಡಿದು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಜಾಗೃತಿ ಮೂಡಿಸಲು ಮಾಡಿದ್ದು ಅಪಹರಣದ ಸಾಕ್ಷಿಯಾಗಿಬಿಟ್ಟಿತು.

ಮಕ್ಕಳ ಕಳ್ಳರ ವದಂತಿ ಹಬ್ಬಿದ್ದ ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬರನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪವಾಗಿ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರು ಗುಂಪಿನ ಹಲ್ಲೆಗೆ ಬಲಿಯಾದರು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ತಂದಿತು.

"ವಿಡಿಯೊನೇ ಇದೆಯಲ್ಲ, ಇನ್ನೇನು ಸಾಕ್ಷಿ ಬೇಕು?" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅಸಲಿ ದೃಶ್ಯಗಳಿಂದಲೇ ಇಲ್ಲದ ಘಟನೆಯನ್ನು ಕಟ್ಟುವುದು ಸಿನಿಮಾದವರಿಗೆ ನೂರು ವರ್ಷದಿಂದ ಗೊತ್ತಿರುವ ಕೆಲಸ. ಸಿನಿಮಾ ಅಧ್ಯಯನದ ಪುಸ್ತಕಗಳಲ್ಲಿ ಸಂಕಲನ ಮತ್ತು ಕ್ಯಾಮೆರಾ ಕುರಿತು ದೊಡ್ಡ ಅಧ್ಯಾಯವೇ ಇರುತ್ತದೆ. ಅದರಲ್ಲಿ ಫಾರ್ವರ್ಡ್ ನೋಡುವವರಿಗೆ ಬೇಕಾದ ನಾಲ್ಕು ತಂತ್ರಗಳನ್ನು ಇಲ್ಲಿ ನೋಡೋಣ.

ಮೊದಲು ಎರಡು ಪದಗಳು: ಶಾಟ್ ಮತ್ತು ಕಟ್

ಕ್ಯಾಮೆರಾ ಆನ್ ಮಾಡಿ ಆಫ್ ಮಾಡುವವರೆಗೆ ನಿಲ್ಲದೆ ಸೆರೆಯಾದ ತುಣುಕೇ ಶಾಟ್. ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗವೇ ಕಟ್. ಶಾಟ್‌ಗಳನ್ನು ಆರಿಸಿ, ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ಒಂದರ ಪಕ್ಕ ಒಂದು ಜೋಡಿಸುವುದೇ ಎಡಿಟಿಂಗ್, ಅಂದರೆ ಸಂಕಲನ. ಟಿವಿಯಲ್ಲಿ ಯಾವುದಾದರೂ ಸಿನಿಮಾ ಹಾಕಿ, ಚಿತ್ರ ಬದಲಾದಾಗಲೆಲ್ಲ ಬೆರಳು ಮಡಚುತ್ತಾ ಒಂದು ನಿಮಿಷ ನೋಡಿ. ಇಷ್ಟೊಂದು ಕಟ್‌ಗಳಿದ್ದವೇ ಎಂದು ಅಚ್ಚರಿಯಾಗುತ್ತದೆ. ಕಥೆ ಎಳೆದುಕೊಂಡು ಹೋಗುವಾಗ ಕಟ್ ನಮ್ಮ ಗಮನಕ್ಕೆ ಬರುವುದಿಲ್ಲ.

1. ಕುಲೆಶೋವ್ ಪರಿಣಾಮ: ಎರಡು ಶಾಟ್ ಸೇರಿದರೆ ಮೂರನೆಯ ಅರ್ಥ

ಲೆವ್ ಕುಲೆಶೋವ್ ರಷ್ಯಾದ ನಿರ್ದೇಶಕ. 1920ರ ಆಸುಪಾಸಿನಲ್ಲಿ ಅವರು ಮಾಡಿದರೆನ್ನಲಾದ ಪ್ರಯೋಗ ಹೀಗಿದೆ. ಮೊಸ್ಜುಖಿನ್ ಎಂಬ ನಟನ, ಯಾವ ಭಾವವೂ ಇಲ್ಲದ ಮುಖದ ಒಂದೇ ಶಾಟ್ ತೆಗೆದುಕೊಂಡರು. ಒಂದು ಸಲ ಅದರ ಪಕ್ಕ ಸೂಪಿನ ಬಟ್ಟಲು, ಇನ್ನೊಂದು ಸಲ ಶವಪೆಟ್ಟಿಗೆಯಲ್ಲಿರುವ ಹುಡುಗಿ, ಮತ್ತೊಂದು ಸಲ ಒರಗಿ ಕುಳಿತ ಹೆಂಗಸು ಇರುವ ಶಾಟ್ ಸೇರಿಸಿದರು. ನೋಡಿದವರಿಗೆ ಮುಖದಲ್ಲಿ ಕ್ರಮವಾಗಿ ಹಸಿವು, ದುಃಖ, ಆಸೆ ಕಂಡಿತಂತೆ. ಮುಖ ಮಾತ್ರ ಮೂರು ಸಲವೂ ಒಂದೇ.

ಆ ಮೂಲ ಚಿತ್ರಸುರುಳಿ ಇಂದು ಉಳಿದಿಲ್ಲ. ನಮಗೆ ಅದು ಗೊತ್ತಾಗಿರುವುದು ಮುಖ್ಯವಾಗಿ ಅವರ ಶಿಷ್ಯ ಪುಡೋವ್‌ಕಿನ್ ಬರೆದದ್ದರಿಂದ. 1992ರಲ್ಲಿ ಅಮೆರಿಕದ ಸಂಶೋಧಕರು ಅದನ್ನು ಮತ್ತೆ ಮಾಡಿ ನೋಡಿದಾಗ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. 2006ರ ಇನ್ನೊಂದು ಪ್ರಯೋಗದಲ್ಲಿ, ಪಕ್ಕದ ದೃಶ್ಯ ಬದಲಾದಂತೆ ಅದೇ ಮುಖವನ್ನು ಜನ ಬೇರೆ ಬೇರೆಯಾಗಿ ಓದುತ್ತಾರೆ ಎಂದು ಕಂಡಿತು. ಒಂದು ಖಾಲಿ ಮುಖ ಎಲ್ಲರ ಮೇಲೂ ಒಂದೇ ಬಗೆಯ ಮೋಡಿ ಮಾಡದೆ ಇರಬಹುದು. ಆದರೆ ಒಂದರ ಪಕ್ಕ ಒಂದು ಇಟ್ಟ ಶಾಟ್‌ಗಳ ನಡುವೆ ನಾವೇ ಸಂಬಂಧ ಹೊಲಿಯುತ್ತೇವೆ ಎಂಬ ನಂಬಿಕೆಯ ಮೇಲೆಯೇ ಚಿತ್ರರಂಗ ನಡೆಯುತ್ತಿದೆ.

ನಮ್ಮ ಹಳೆಯ ಸಿನಿಮಾಗಳಲ್ಲಿ ನಾಯಕ ಹುಲಿಯನ್ನು ಎದುರಿಸುವ ದೃಶ್ಯ ನೆನಪಿಸಿಕೊಳ್ಳಿ. ಹುಲಿ ಗರ್ಜಿಸುವ ಶಾಟ್, ಕಟ್. ನಾಯಕ ಕಣ್ಣು ಕಿರಿದಾಗಿಸಿ ನೋಡುವ ಶಾಟ್, ಕಟ್. ಮತ್ತೆ ಹುಲಿ. ಹೀಗೆ ತೋರಿಸಲು ಹುಲಿ ಮತ್ತು ನಾಯಕ ಒಂದೇ ಊರಿನಲ್ಲಿ ಇರಬೇಕಾಗಿಯೂ ಇಲ್ಲ. ಆದರೂ ನಮ್ಮ ಎದೆ ಢವಢವ ಅನ್ನುತ್ತದೆ.

ಆಲ್ಫ್ರೆಡ್ ಹಿಚ್‌ಕಾಕ್ ಅವರ 'ಸೈಕೋ' (1960) ಚಿತ್ರದ ಸ್ನಾನದ ಮನೆಯ ಕೊಲೆ ಇದರ ಪ್ರಸಿದ್ಧ ಉದಾಹರಣೆ. ಸುಮಾರು ಮುಕ್ಕಾಲು ನಿಮಿಷದ ಆ ದೃಶ್ಯದಲ್ಲಿ 52 ಕಟ್‌ಗಳಿವೆ ಎಂದು ಲೆಕ್ಕ ಹಾಕಿದ್ದಾರೆ. ಎತ್ತಿದ ಚಾಕು, ಕಿರುಚುವ ಬಾಯಿ, ನೀರು ಚಿಮ್ಮುವ ಶವರ್, ಮತ್ತೆ ಚಾಕು. ಚಾಕು ಚರ್ಮಕ್ಕೆ ತಾಕಿದಂತೆ ಕಾಣುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆದರೂ ಇರಿಯುವುದನ್ನು ಪೂರ್ತಿ ಕಂಡೆವು ಎಂದೇ ಜನ ನೆನಪಿಟ್ಟುಕೊಳ್ಳುತ್ತಾರೆ. ಇರಿತವನ್ನು ಪೂರ್ತಿ ಮಾಡಿದ್ದು ನೋಡುಗರ ಮನಸ್ಸು.

ಈಗ ಇದನ್ನೇ ಫಾರ್ವರ್ಡ್‌ಗೆ ಹೊಂದಿಸಿ ನೋಡೋಣ. 14 ಸೆಕೆಂಡಿನ ಹೀಗೊಂದು ವಿಡಿಯೊ ಬಂತು ಎಂದುಕೊಳ್ಳಿ:

- ಶಾಟ್ 1 (4 ಸೆಕೆಂಡ್): ಶಾಲೆಯ ಗೇಟಿನ ಹತ್ತಿರ ನಿಂತಿರುವ ಬಿಳಿ ವ್ಯಾನ್.
- ಶಾಟ್ 2 (3 ಸೆಕೆಂಡ್): ನಗುತ್ತಾ ನಡೆದು ಬರುವ ಇಬ್ಬರು ಮಕ್ಕಳು.
- ಶಾಟ್ 3 (2 ಸೆಕೆಂಡ್): ವ್ಯಾನಿನ ಬಾಗಿಲು ದಢಾರನೆ ಮುಚ್ಚಿಕೊಳ್ಳುತ್ತದೆ.
- ಶಾಟ್ 4 (5 ಸೆಕೆಂಡ್): ಎದೆ ಬಡಿದುಕೊಂಡು ಅಳುವ ಹೆಂಗಸು.

ನೋಡಿದವರೆಲ್ಲ ಇದು ಅಪಹರಣ ಎನ್ನುತ್ತಾರೆ. ಆದರೆ ಮಕ್ಕಳು ವ್ಯಾನ್ ಹತ್ತಿದ್ದನ್ನು ಯಾವ ಶಾಟ್ ತೋರಿಸಿತು? ಯಾವುದೂ ಇಲ್ಲ. ಆ ಹೆಂಗಸು ಆ ಮಕ್ಕಳ ತಾಯಿ ಎಂದು ಯಾರು ಹೇಳಿದರು? ಯಾರೂ ಇಲ್ಲ. ಈಗ ಕ್ರಮ ಬದಲಿಸಿ. ಮೊದಲು ಅಳುವ ಹೆಂಗಸು, ಆಮೇಲೆ ಮುಚ್ಚಿಕೊಳ್ಳುವ ವ್ಯಾನಿನ ಬಾಗಿಲು, ನಿಂತ ವ್ಯಾನ್, ಕೊನೆಗೆ ನಗುವ ಮಕ್ಕಳು. ಅದೇ ನಾಲ್ಕು ಶಾಟ್‌ಗಳು ಈಗ ಕಳೆದುಹೋದ ಮಕ್ಕಳನ್ನು ವ್ಯಾನಿನಲ್ಲಿ ಮನೆಗೆ ತಲುಪಿಸಿದ ಕಥೆ ಹೇಳುತ್ತವೆ.

ಕೇಳಬೇಕಾದ ಪ್ರಶ್ನೆ: ಕೃತ್ಯ ಮಾಡಿದವನು ಮತ್ತು ಅದಕ್ಕೆ ಬಲಿಯಾದವರು ಒಂದೇ ಶಾಟ್‌ನಲ್ಲಿ, ಕಟ್ ಇಲ್ಲದೆ, ಒಟ್ಟಿಗೆ ಕಾಣಿಸುತ್ತಾರೆಯೇ?

ಹಾಗೆಂದು ಕಟ್ ಇದ್ದ ವಿಡಿಯೊ ಎಲ್ಲವೂ ಸುಳ್ಳಲ್ಲ. ಟಿವಿ ವರದಿಯಲ್ಲೂ ಕಟ್‌ಗಳು ಇರುತ್ತವೆ. ಕಟ್ ಕಂಡ ಜಾಗದಲ್ಲಿ ನಡುವೆ ಏನೋ ಬಿಟ್ಟುಹೋಗಿದೆ ಎಂದು ನೆನಪಿಟ್ಟುಕೊಂಡರೆ ಸಾಕು.

2. ಫ್ರೇಮ್ ಮತ್ತು ದೂರ: ಜನಜಂಗುಳಿ ಹುಟ್ಟುವ ಬಗೆ

ಚಿತ್ರದ ನಾಲ್ಕು ಅಂಚುಗಳೊಳಗೆ ಕಾಣುವ ಭಾಗವೇ ಫ್ರೇಮ್. ಇಡೀ ಮೈದಾನ ಕಂಡರೆ ಲಾಂಗ್ ಶಾಟ್, ಮುಖ ಮಾತ್ರ ಕಂಡರೆ ಕ್ಲೋಸಪ್. ಕ್ಲೋಸಪ್ ನಮ್ಮನ್ನು ಆ ವ್ಯಕ್ತಿಯ ಭಾವನೆಗೆ ಹತ್ತಿರ ತರುತ್ತದೆ, ಸುತ್ತ ಏನಿದೆ ಎಂಬುದನ್ನು ಮರೆಸುತ್ತದೆ. ಸಭೆಗೆ ಬಂದ ಐವತ್ತೇ ಜನ ಫ್ರೇಮಿನ ತುಂಬ ಕಂಡರೆ, ಹಿಂದಿನ ಖಾಲಿ ಕುರ್ಚಿಗಳು ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಕ್ಯಾಮೆರಾ ನಿಂತ ದೂರ. ಒಬ್ಬರ ಹಿಂದೆ ಒಬ್ಬರು 2 ಮೀಟರ್ ಅಂತರದಲ್ಲಿ ಇಬ್ಬರು ನಿಂತಿದ್ದಾರೆ ಎಂದುಕೊಳ್ಳಿ. ನೀವು ಮುಂದಿನವರಿಂದ 2 ಮೀಟರ್ ದೂರದಲ್ಲಿ ನಿಂತು ಫೋಟೊ ತೆಗೆದರೆ ಹಿಂದಿನವರು ನಿಮ್ಮಿಂದ 4 ಮೀಟರ್ ದೂರದಲ್ಲಿರುತ್ತಾರೆ. ದೂರ ಎರಡು ಪಟ್ಟು, ಹಾಗಾಗಿ ಚಿತ್ರದಲ್ಲಿ ಅವರು ಅರ್ಧ ಗಾತ್ರಕ್ಕೆ ಕಾಣುತ್ತಾರೆ. ಇಬ್ಬರ ನಡುವೆ ಜಾಗ ಇದೆ ಎಂದು ಕಣ್ಣಿಗೆ ತಿಳಿಯುತ್ತದೆ. ಈಗ 40 ಮೀಟರ್ ದೂರ ಹೋಗಿ ಜೂಮ್ ಮಾಡಿ. ಹಿಂದಿನವರು 42 ಮೀಟರ್ ದೂರದಲ್ಲಿದ್ದಾರೆ. 40ಕ್ಕೂ 42ಕ್ಕೂ ವ್ಯತ್ಯಾಸ ಅತ್ಯಲ್ಪ, ಆದ್ದರಿಂದ ಇಬ್ಬರೂ ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಕಾಣುತ್ತಾರೆ. ಬೆನ್ನಿಗೆ ಬೆನ್ನು ತಾಗಿಸಿ ನಿಂತಂತೆ ತೋರುತ್ತದೆ. ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೊ ಲೆನ್ಸ್‌ನಿಂದ ತೆಗೆದ ಚಿತ್ರಗಳು ಹೀಗೆ ಅಂತರವನ್ನು ನುಂಗಿಹಾಕುತ್ತವೆ.

'ದಿ ಗ್ರಾಜುಯೇಟ್' (1967) ಸಿನಿಮಾದಲ್ಲಿ ಇದರ ಒಳ್ಳೆಯ ಬಳಕೆ ಇದೆ. ಮದುವೆ ತಪ್ಪಿಸಲು ನಾಯಕ ಚರ್ಚಿನತ್ತ ಓಡುತ್ತಾನೆ. ಬಹಳ ದೂರದಿಂದ ಟೆಲಿಫೋಟೊ ಲೆನ್ಸ್‌ನಲ್ಲಿ ಅವನು ನಮ್ಮ ಕಡೆಗೆ ಓಡಿ ಬರುವುದನ್ನು ತೆಗೆದಿದ್ದಾರೆ. ಎಷ್ಟು ಓಡಿದರೂ ಅವನ ಗಾತ್ರ ಬೆಳೆಯುವುದಿಲ್ಲ, ಇದ್ದಲ್ಲೇ ಇದ್ದಂತೆ ಕಾಣುತ್ತಾನೆ. ಅಯ್ಯೋ, ಸಮಯಕ್ಕೆ ತಲುಪಲಾರ ಎಂಬ ಚಡಪಡಿಕೆ ನಮಗೇ ಶುರುವಾಗುತ್ತದೆ.

ಇದೇ ಗುಣ 2020ರ ಕೊರೊನಾ ದಿನಗಳಲ್ಲಿ ಜಗಳಕ್ಕೆ ಕಾರಣವಾಯಿತು. ಜನ ಅಂತರ ಕಾಯುತ್ತಿಲ್ಲ ಎಂದು ದೂರುವ ಫೋಟೊಗಳು ಎಲ್ಲೆಡೆ ಓಡಾಡುತ್ತಿದ್ದಾಗ, ಡೆನ್ಮಾರ್ಕಿನ ಇಬ್ಬರು ಪತ್ರಿಕಾ ಛಾಯಾಗ್ರಾಹಕರು ಒಂದೇ ಜಾಗದಲ್ಲಿದ್ದ ಜನರನ್ನು ಎರಡು ಬಗೆಯಲ್ಲಿ ತೆಗೆದು ತೋರಿಸಿದರು. ಟೆಲಿಫೋಟೊ ಚಿತ್ರದಲ್ಲಿ ಸರದಿ ಸಾಲು ನೂಕುನುಗ್ಗಲಿನಂತೆ ಕಂಡರೆ, ವೈಡ್ ಲೆನ್ಸ್ ಚಿತ್ರದಲ್ಲಿ ಅದೇ ಜನ ದೂರ ದೂರ ನಿಂತಿದ್ದರು. ಎರಡೂ ಅಸಲಿ ಫೋಟೊಗಳೇ.

ಕೇಳಬೇಕಾದ ಪ್ರಶ್ನೆ: ಇದೇ ಜಾಗವನ್ನು ಪಕ್ಕದಿಂದ ಅಥವಾ ಮೇಲಿನಿಂದ ತೆಗೆದ ಚಿತ್ರ ಇದೆಯೇ? ಹಿಂದಿನ ಮತ್ತು ಮುಂದಿನ ವ್ಯಕ್ತಿಗಳ ತಲೆ ಒಂದೇ ಗಾತ್ರದಲ್ಲಿದ್ದರೆ ಕ್ಯಾಮೆರಾ ದೂರದಲ್ಲಿತ್ತು ಎಂದರ್ಥ. ಆಗ ಅವರ ನಡುವಿನ ಅಂತರವನ್ನು ಆ ಚಿತ್ರದಿಂದ ಅಳೆಯಲು ಹೋಗಬೇಡಿ.

3. ಸ್ಲೋ ಮೋಷನ್: ನಿಧಾನವಾದಷ್ಟೂ 'ಬೇಕಂತಲೇ ಮಾಡಿದ'

ಸಿನಿಮಾದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಚಿತ್ರೀಕರಿಸುವಾಗ 48 ತೆಗೆದು, ತೋರಿಸುವಾಗ 24ರ ವೇಗದಲ್ಲೇ ಓಡಿಸಿದರೆ ಒಂದು ಸೆಕೆಂಡಿನ ಘಟನೆ ಎರಡು ಸೆಕೆಂಡ್ ಹಿಡಿಯುತ್ತದೆ. ಇದೇ ಸ್ಲೋ ಮೋಷನ್. ಪುಟ್ಟಣ್ಣ ಕಣಗಾಲರು 'ನಾಗರಹಾವು' (1972) ಚಿತ್ರದಲ್ಲಿ ವಿಷ್ಣುವರ್ಧನ್ ಮತ್ತು ಆರತಿ ಅವರ ಹಾಡನ್ನು ಹೀಗೆ ತೆಗೆದದ್ದು ಇಂದಿಗೂ ಜನರ ಬಾಯಲ್ಲಿದೆ. ಓಟ ತೇಲಾಟದಂತೆ ಕಂಡು, ಪ್ರೇಮಿಗಳು ಕನಸಿನಲ್ಲಿದ್ದಾರೆ ಎನ್ನಿಸುತ್ತದೆ.

ಪ್ರೇಮದ ಹಾಡಿಗೆ ಇದು ಚೆಂದ. ಹೊಡೆದಾಟದ ವಿಡಿಯೊಗೆ ಅಪಾಯ. 2016ರಲ್ಲಿ ಅಮೆರಿಕದ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದರೋಡೆಯಲ್ಲಿ ಗುಂಡು ಹಾರಿಸಿದ ಒಂದೇ ದೃಶ್ಯವನ್ನು ಕೆಲವರಿಗೆ ಮಾಮೂಲು ವೇಗದಲ್ಲಿ, ಕೆಲವರಿಗೆ ನಿಧಾನವಾಗಿ ತೋರಿಸಿದರು. ನಿಧಾನವಾಗಿ ನೋಡಿದವರು, ಆತ ಬೇಕಂತಲೇ ಮಾಡಿದ ಎಂದು ಹೆಚ್ಚಾಗಿ ತೀರ್ಮಾನಿಸಿದರು. ನಮಗೆ ನೋಡಲು ಹೆಚ್ಚು ಸಮಯ ಸಿಕ್ಕಾಗ, ಅವನಿಗೂ ಯೋಚಿಸಲು ಅಷ್ಟೇ ಸಮಯ ಇತ್ತು ಎಂದು ನಮ್ಮ ಮನಸ್ಸು ಅಂದುಕೊಳ್ಳುತ್ತದೆ.

ಫುಟ್ಬಾಲ್‌ನಲ್ಲಿ ವಿಡಿಯೊ ರೆಫರಿ ಪದ್ಧತಿಯ ನಿಯಮ ಇದನ್ನು ಗಮನದಲ್ಲಿಟ್ಟುಕೊಂಡಿದೆ. ಕಾಲು ಎಲ್ಲಿ ತಾಗಿತು, ತಪ್ಪು ಯಾವ ಜಾಗದಲ್ಲಿ ನಡೆಯಿತು ಎಂಬುದಕ್ಕೆ ಸ್ಲೋ ಮೋಷನ್ ಬಳಸಬಹುದು. ಹೊಡೆತ ಎಷ್ಟು ಜೋರಾಗಿತ್ತು ಎಂದು ನಿರ್ಧರಿಸಲು ಮಾಮೂಲು ವೇಗದಲ್ಲೇ ನೋಡಬೇಕು.

ಕೇಳಬೇಕಾದ ಪ್ರಶ್ನೆ: ವಿಡಿಯೊ ನಿಧಾನ ಮಾಡಿದ್ದಾರೆಯೇ? ತೀರಾ ನಿಧಾನವಾದರೆ ಯಾರಿಗಾದರೂ ತಿಳಿಯುತ್ತದೆ. ಸ್ವಲ್ಪವೇ ನಿಧಾನ ಮಾಡಿದ್ದರೆ ಬೀಳುವ ವಸ್ತುವನ್ನು ನೋಡಿ. ಮೇಜಿನ ಎತ್ತರದಿಂದ, ಅಂದರೆ ಸುಮಾರು 75 ಸೆಂಟಿಮೀಟರ್ ಮೇಲಿನಿಂದ ಬಿದ್ದ ಲೋಟ ನೆಲ ಮುಟ್ಟಲು ಸುಮಾರು 0.4 ಸೆಕೆಂಡ್ ಸಾಕು. ವಿಡಿಯೊದಲ್ಲಿ ಅದು ಹತ್ತಿರ ಹತ್ತಿರ ಒಂದು ಸೆಕೆಂಡ್ ಹಿಡಿದರೆ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಓಡಿಸಿದ್ದಾರೆ.

4. ಕಟ್ ಇಲ್ಲದ ಉದ್ದ ಶಾಟ್: ಯಾರೂ ಮಾಡಿಲ್ಲ ಎಂಬ ಭ್ರಮೆ

ಕಟ್ ಇದ್ದರೆ ಅನುಮಾನಿಸಬೇಕು, ಕಟ್ ಇಲ್ಲದಿದ್ದರೆ ನಂಬಬಹುದು ಎಂದು ಈಗ ನಿಮಗೆ ಅನ್ನಿಸಿರಬಹುದು. ಉದ್ದವಾದ, ಕದಲದ ಶಾಟ್‌ನ ಪರಿಣಾಮವೇ ಅದು. ಕ್ಯಾಮೆರಾ ಯಾರ ಪಕ್ಷವನ್ನೂ ವಹಿಸದೆ ಸುಮ್ಮನೆ ನೋಡುತ್ತಿದೆ ಎನ್ನಿಸುತ್ತದೆ.

ಸಿನಿಮಾ ಹುಟ್ಟಿದ ವರ್ಷವೇ ಇದಕ್ಕೆ ಉದಾಹರಣೆ ಇದೆ. 1895ರಲ್ಲಿ ಫ್ರಾನ್ಸಿನ ಲ್ಯುಮಿಯೇರ್ ಸಹೋದರರು ತಮ್ಮ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ ಚಿತ್ರ ತೋರಿಸಿದರು. ಒಂದೇ ಶಾಟ್, ಒಂದು ನಿಮಿಷವೂ ಇಲ್ಲ. ದಿನದ ಕೆಲಸ ಮುಗಿದಾಗ ಇದ್ದದ್ದನ್ನು ಇದ್ದಂತೆ ಹಿಡಿದಂತಿದೆ. ಆದರೆ ಆ ಚಿತ್ರದ ಮೂರು ಆವೃತ್ತಿಗಳು ಸಿಕ್ಕಿವೆ. ಒಂದರಲ್ಲಿ ಗಾಡಿಗೆ ಒಂದು ಕುದುರೆ, ಒಂದರಲ್ಲಿ ಎರಡು, ಇನ್ನೊಂದರಲ್ಲಿ ಕುದುರೆಯೇ ಇಲ್ಲ. ಅಂದರೆ ಕೆಲಸಗಾರರನ್ನು ಕ್ಯಾಮೆರಾ ಮುಂದೆ ಮತ್ತೆ ಮತ್ತೆ ಹೊರಬರುವಂತೆ ಮಾಡಿದ್ದರು.

ಈಗ ಕರಾಚಿಯ ವಿಡಿಯೊಗೆ ವಾಪಸ್ ಬನ್ನಿ. ಅದನ್ನು ಬೇಕೆಂದೇ ಸಿಸಿಟಿವಿ ದೃಶ್ಯದಂತೆ ಮಾಡಿದ್ದರು. ಕ್ಯಾಮೆರಾ ಎತ್ತರದಲ್ಲಿತ್ತು, ಚಿತ್ರ ಮಸುಕಾಗಿತ್ತು. ಕಳ್ಳನ ಮುಖದ ಕ್ಲೋಸಪ್ ಇಲ್ಲ, ತಾಯಿ ಅಳುವ ಶಾಟ್ ಇಲ್ಲ. ನಾವು ಮೊದಲನೆಯ ತಂತ್ರದಲ್ಲಿ ಕೇಳಿದ ಪ್ರಶ್ನೆಗೂ ಅದು ಪಾಸಾಗುತ್ತದೆ, ಏಕೆಂದರೆ ಬೈಕಿನವನು ಮತ್ತು ಮಗು ಒಟ್ಟಿಗೇ ಕಾಣುತ್ತಾರೆ. ಸಿನಿಮಾದಂತೆ ಕಾಣದೆ ಇದ್ದದ್ದೇ ಅದರ ಶಕ್ತಿ. ಜಾಹೀರಾತು ಮಾಡಿದವರಿಗೆ ಕೊನೆಯ ಫಲಕ ಬರುವವರೆಗೆ ನೋಡುಗರು ನಂಬಬೇಕಿತ್ತು. ಫಲಕವನ್ನು ಕತ್ತರಿಸಿದವನಿಗೆ ಆ ನಂಬಿಕೆ ಹಾಗೇ ಉಳಿಯಿತು.

ಇಲ್ಲಿ ಸುಳ್ಳು ಹುಟ್ಟಿದ್ದು ವಿಡಿಯೊದ ನಡುವಿನ ಯಾವ ಕಟ್‌ನಿಂದಲೂ ಅಲ್ಲ. ಕೊನೆಯ ಫ್ರೇಮ್ ಎಲ್ಲಿರಬೇಕು ಎಂಬ ಒಂದು ತೀರ್ಮಾನದಿಂದ.

ಕೇಳಬೇಕಾದ ಪ್ರಶ್ನೆ: ಮೊದಲ ಫ್ರೇಮಿಗಿಂತ ಮುಂಚೆ ಏನಿತ್ತು, ಕೊನೆಯ ಫ್ರೇಮಿನ ನಂತರ ಏನಾಯಿತು? ಘಟನೆಯ ನಡುವೆಯೇ ಶುರುವಾಗಿ, ಬಿಸಿ ಏರಿದ ಕ್ಷಣಕ್ಕೇ ನಿಂತುಹೋಗುವ ವಿಡಿಯೊ ಆದರೆ ಉಳಿದ ಭಾಗ ಹುಡುಕಬೇಕು.

ಹುಡುಕುವುದು ಹೇಗೆ?

ವಿಡಿಯೊ ನಿಲ್ಲಿಸಿ, ಅಂಗಡಿ ಬೋರ್ಡ್, ವಾಹನ, ಕಟ್ಟಡ ಸ್ಪಷ್ಟವಾಗಿ ಕಾಣುವ ಜಾಗದಲ್ಲಿ ಸ್ಕ್ರೀನ್‌ಶಾಟ್ ತೆಗೆಯಿರಿ. ಶುರುವಿನ ಹತ್ತಿರ ಒಂದು, ಕೊನೆಯ ಹತ್ತಿರ ಒಂದು ತೆಗೆದರೆ ಒಳ್ಳೆಯದು. ಅವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ದೃಶ್ಯ ಹಳೆಯ ದಿನಾಂಕದಲ್ಲಿ, ಬೇರೆ ಊರಿನ ಹೆಸರಿನಲ್ಲಿ ಅಥವಾ ಉದ್ದವಾದ ವಿಡಿಯೊದ ಭಾಗವಾಗಿ ಸಿಕ್ಕರೆ ಉತ್ತರ ಸಿಕ್ಕಂತೆ. ಏನೂ ಸಿಗಲಿಲ್ಲ ಎಂದರೆ ವಿಡಿಯೊ ನಿಜ ಎಂದು ಅರ್ಥವಲ್ಲ. ಹೊಸ ವಿಡಿಯೊಗಳು ಹುಡುಕಾಟದಲ್ಲಿ ಬರಲು ಸಮಯ ಬೇಕು, ಮಸುಕಾದ ದೃಶ್ಯಗಳು ಬಾರದೆಯೂ ಇರಬಹುದು. ಅಲ್ಲಿಯವರೆಗೆ ಅದನ್ನು ಮುಂದೆ ಕಳಿಸದೆ ಇಟ್ಟುಕೊಳ್ಳಿ.

ಒಂದೇ ನೋಟದಲ್ಲಿ

- ಕುಲೆಶೋವ್ ಪರಿಣಾಮ: ಪಕ್ಕಪಕ್ಕದ ಶಾಟ್‌ಗಳಿಗೆ ನಾವೇ ಸಂಬಂಧ ಕಟ್ಟುತ್ತೇವೆ. ಉದಾಹರಣೆ: 'ಸೈಕೋ' ಕೊಲೆ ದೃಶ್ಯ.
- ಟೆಲಿಫೋಟೊ: ಅಂತರ ಮಾಯವಾಗಿ ಜನ ಒತ್ತಾಗಿ ಕಾಣುತ್ತಾರೆ. ಉದಾಹರಣೆ: 'ದಿ ಗ್ರಾಜುಯೇಟ್' ಓಟ, ಕೊರೊನಾ ಕಾಲದ ಫೋಟೊಗಳು.
- ಸ್ಲೋ ಮೋಷನ್: ಹಾಡಿನಲ್ಲಿ ಕನಸು, ಹೊಡೆದಾಟದಲ್ಲಿ ದುರುದ್ದೇಶ ಕಾಣಿಸುತ್ತದೆ. ಉದಾಹರಣೆ: 'ನಾಗರಹಾವು' ಹಾಡು.
- ಉದ್ದ ಶಾಟ್: ಕಟ್ ಇಲ್ಲದ್ದರಿಂದ ನಂಬಿಕೆ ಹುಟ್ಟುತ್ತದೆ. ಉದಾಹರಣೆ: ಲ್ಯುಮಿಯೇರ್ ಕಾರ್ಖಾನೆಯ ಚಿತ್ರ, ಕರಾಚಿಯ ಜಾಹೀರಾತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಮೊಬೈಲ್ ಬರುವ ಎಷ್ಟೋ ಮುಂಚೆ. ಮುಂದಿನ ಸಲ ಮನೆಯ ಗ್ರೂಪಿಗೆ ದೊಡ್ಡಪ್ಪನೋ ಅತ್ತೆಯೋ ಇಂಥ ವಿಡಿಯೊ ಹಾಕಿದರೆ, ಸುಳ್ಳು ಎಂದು ಮುಖಕ್ಕೆ ಹೊಡೆದಂತೆ ಬರೆಯಬೇಡಿ. "ದೊಡ್ಡಪ್ಪ, ಇದರ ಪೂರ್ತಿ ವಿಡಿಯೊ ಇದೆಯಾ? ಆಮೇಲೆ ಏನಾಯಿತು ಅಂತ ನೋಡಬೇಕಿತ್ತು" ಎಂದು ಕೇಳಿ. 2018ರಲ್ಲಿ ಆ ಬೈಕಿನ ವಿಡಿಯೊ ಬಂದಾಗ ಕೇಳಬೇಕಿದ್ದದ್ದೂ ಇಷ್ಟೇ.